ಗಮಗಮಕ್ಕೆ ಇಂಗ್ಲಿಷಿನಲ್ಲಿ ಏನನ್ನಬೇಕು?

ಪ್ರಶ್ನೆ: ಸರ್, ನಾನು ಬ್ಯಾಡಗಿ ಹತ್ತಿರದ ಹಳ್ಳಿಯವಳು. ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದೇನೆ. ನಮ್ಮಜ್ಜಿಯ ಮಾತುಗಳನ್ನು ಬರೆದುಕೊಂಡು ಇಂಗ್ಲಿಷಿಗೆ ಹಾಕುತ್ತಿದ್ದೇನೆ. ಒಂದು ತುಣುಕು ಹೀಗಿದೆ: "ಜಿಟಿಜಿಟಿ ಮಳಿ ಹಿಡಿದಿತ್ತು. ಅವ್ವ ಪಟಪಟ ರೊಟ್ಟಿ ಬಡೀತಿದ್ಲು. ಸಾಸಿವಿ ಚಟಪಟ ಅಂದ್ವು, ಕರಿಬೇವು ಹಾಕಿದ ಕೂಡ್ಲೆ ಚೊಂಯ್ ಅಂತು, ಮನಿ ತುಂಬ ಗಮಗಮ. ಹಿತ್ತಲದಾಗ ಅಕ್ಕ ಕೊಡದ ನೀರು ಝಳಝಳ ಸುರೀತಿದ್ಲು. ನನ್ನ ಹೊಟ್ಟಿ ಚುರುಚುರು ಅಂತಿತ್ತು." ಇಂಥ ಪದ ಬಂದಲ್ಲೆಲ್ಲ ನನ್ನ ಪೆನ್ನು ನಿಂತುಬಿಡುತ್ತದೆ. ನಿಘಂಟಿನಲ್ಲಿ ನೋಡಿದರೆ 'ಅನುಕರಣ ಶಬ್ದ' ಅಂತ ಇರುತ್ತದೆ, ಅಷ್ಟೇ. ಬಿಟ್ಟುಬಿಡಲಾ, ಇಲ್ಲಾ ಹಾಗೇ ಇಡಲಾ?

ಉತ್ತರ: ತಂಗಿ, ಎರಡೂ ಬೇಡ. ಬಿಟ್ಟರೆ ಅಜ್ಜಿಯ ದನಿಯೇ ಹೋಗುತ್ತದೆ. ಹಾಗೇ ಇಟ್ಟರೆ ಇಂಗ್ಲಿಷ್ ಓದುವವರಿಗೆ ಅದು ಬರೀ ಸದ್ದು, ಅರ್ಥ ದಾಟುವುದಿಲ್ಲ. ಈ ಆರೇಳು ಪದಗಳಲ್ಲಿ ಹೆಚ್ಚಿನವಕ್ಕೆ ಇಂಗ್ಲಿಷಿನಲ್ಲಿ ಸರಿಯಾದ ಜೋಡಿ ಇದೆ. ಆದರೆ ಅವು ನಾವು ಹುಡುಕುವ ಜಾಗದಲ್ಲಿ ಇಲ್ಲ.

ನಿಘಂಟಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಇಂಥ ಪದಗಳನ್ನು ಆ ಕಾಲಕ್ಕೇ ಎಷ್ಟೊಂದು ಸೇರಿಸಿದ್ದಾರೆ. ಆದರೆ ನಿಘಂಟಿಗೆ ವಾಕ್ಯ ಕಾಣುವುದಿಲ್ಲ, ನಿನಗೆ ಕಾಣುತ್ತದೆ. ಆಯ್ಕೆ ಮಾಡಬೇಕಾದವಳು ನೀನೇ.

ಮೊದಲು ಒಂದು ತಪ್ಪು ತಿಳಿವಳಿಕೆ ತೆಗೆದುಹಾಕೋಣ. ಶಾಲೆಯಲ್ಲಿ ಇವನ್ನೆಲ್ಲ ಅನುಕರಣಾವ್ಯಯ ಅಂತ ಕಲಿತಿದ್ದೇವೆ, ಕೇಳಿದ ಸದ್ದನ್ನು ಹಾಗೇ ಹೇಳುವ ಪದ ಅಂತ. ಚಟಪಟಕ್ಕೆ ಅದು ಸರಿ. ಗಮಗಮಕ್ಕೆ? ವಾಸನೆಗೆ ಎಲ್ಲಿಯ ಸದ್ದು? ಥಳಥಳ ಹೊಳೆಯುವ ತಾಮ್ರದ ಕೊಡ ಏನಾದರೂ ಸದ್ದು ಮಾಡುತ್ತದಾ? ಒಂದು ಸುಲಭದ ಪರೀಕ್ಷೆ ಇದೆ. ಅಜ್ಜಿ ಹೇಳಿದ ಜಾಗದಲ್ಲಿ ನೀನೇ ನಿಂತಿದ್ದೀಯ ಅಂದುಕೋ. ಕಿವಿ ಮುಚ್ಚಿಕೋ. ಯಾವ ಪದ ಮಾಯವಾಯಿತೋ ಅದು ಕಿವಿಯದು. ಕಣ್ಣು ಮುಚ್ಚಿದರೆ ಹೋಗುವುದು ಕಣ್ಣಿನದು. ಮೂಗು ಹಿಡಿದರೆ ಹೋಗುವುದು ಮೂಗಿನದು. ಇವೆಲ್ಲ ಮುಚ್ಚಿದರೂ ಉಳಿಯುವುದು ಚರ್ಮದ್ದು, ಇಲ್ಲಾ ಒಳಗಿನದು. ನಿನ್ನ ತುಣುಕಿನಲ್ಲಿ ಗಮಗಮ ಮೂಗಿನದು, ಚುರುಚುರು ಒಳಗಿನದು. ಉಳಿದವು ಕಿವಿಯವು. ಝಳಝಳ ಮಾತ್ರ ಸ್ವಲ್ಪ ತೊಡಕಿನದು, ಅದಕ್ಕೆ ಆಮೇಲೆ ಬರುತ್ತೇನೆ.

ಇಂಥ ಪದಗಳಿಗೆಲ್ಲ ಸೇರಿ ಭಾಷಾಶಾಸ್ತ್ರದವರು ಐಡಿಯೊಫೋನ್ ಅಂತಾರೆ. ಆಫ್ರಿಕಾದ ಬಂಟು ಭಾಷೆಗಳ ಬಗ್ಗೆ ಬರೆಯುತ್ತ ಕ್ಲೆಮೆಂಟ್ ಡೋಕ್ 1935ರಲ್ಲಿ ತಂದ ಹೆಸರು ಅದು. ನಮ್ಮ ದೇಶದಲ್ಲಿ ಇವು ಭಾಷಾಕುಟುಂಬಗಳ ಗಡಿ ದಾಟಿ ಹಬ್ಬಿವೆ ಅಂತ ಭಾಷಾಶಾಸ್ತ್ರಜ್ಞ ಎಮೆನೋ 1969ರಲ್ಲಿ ತೋರಿಸಿದರು. ಧಾರವಾಡದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪಕ್ಕದ ಮರಾಠಿಯಲ್ಲೂ ಘಮಘಮ ಇದೆಯಲ್ಲ. ಇಂಗ್ಲಿಷಿನಲ್ಲಿ ಹಾಗಲ್ಲ. ಅಲ್ಲಿ ಕಿವಿಯ ಪದಗಳು ಬೇಕಾದಷ್ಟಿವೆ, ಕಣ್ಣಿನವು ತಕ್ಕಮಟ್ಟಿಗೆ ಇವೆ. ಮೂಗು, ಚರ್ಮ, ಒಡಲಿನ ಕಡೆ ಹೋದಂತೆ ಕಡಿಮೆಯಾಗುತ್ತವೆ. ನಿನ್ನ ಪೆನ್ನು ಗಮಗಮದ ಹತ್ತಿರ ಜಾಸ್ತಿ ಹೊತ್ತು ನಿಂತಿದ್ದರೆ ಅದಕ್ಕೆ ಇದೇ ಕಾರಣ.

ಈಗ ಜಾಗದ ವಿಷಯ. ಕನ್ನಡದಲ್ಲಿ ಇಂಥ ಪದ ಬೇರೆ, ಕ್ರಿಯಾಪದ ಬೇರೆ. 'ಥಳಥಳ ಹೊಳೆಯಿತು' ಅನ್ನುತ್ತೇವೆ. ಹೊಳೆಯಿತು ಅನ್ನುವುದು ಸಾದಾ ಕ್ರಿಯಾಪದ, ಬಣ್ಣವೆಲ್ಲ ಥಳಥಳದಲ್ಲಿದೆ. ಇಂಗ್ಲಿಷ್ ಇವೆರಡನ್ನೂ ಒಂದೇ ಕ್ರಿಯಾಪದದೊಳಗೆ ಸೇರಿಸಿಬಿಡುತ್ತದೆ. 'ಗ್ಲಿಟರ್' ಅಂದರೆ ಸಾಕು, ಥಳಥಳವೂ ಬಂತು, ಹೊಳೆಯುವುದೂ ಬಂತು. ನಾವು ಎರಡು ಪದ ಕಂಡ ಕೂಡಲೇ ಎರಡು ಪದವನ್ನೇ ಹುಡುಕುತ್ತೇವೆ. 'ಶೈನ್' ಬರೆದು ಅದರ ಮುಂದೆ ಇನ್ನೊಂದನ್ನು ಅಂಟಿಸಲು ಹೋಗುತ್ತೇವೆ. ವಾಕ್ಯ ಕುಂಟುವುದು ಅಲ್ಲೇ. ಜೋಡಿಯನ್ನು ಒಟ್ಟಿಗೇ ಎತ್ತಿ ಒಂದು ಕ್ರಿಯಾಪದದಲ್ಲಿ ಇಳಿಸು.

ಆ ಕ್ರಿಯಾಪದವನ್ನು ಗುರುತಿಸುವುದು ಹೇಗೆ? ಇದು ನನಗೆ ಬಹಳ ಇಷ್ಟದ ಸಂಗತಿ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಕನ್ನಡದಲ್ಲಿ 'ಚಟ್' ಅಂದರೆ ಒಂದು ಸಲ. ಒಣ ಕಡ್ಡಿ ಚಟ್ಟನೆ ಮುರಿಯಿತು. 'ಚಟಚಟ' ಅಂದರೆ ಮತ್ತೆ ಮತ್ತೆ. ಒಲೆಯಲ್ಲಿ ಜಾಲಿ ಕಟ್ಟಿಗೆ ಚಟಚಟ ಉರಿಯಿತು. ಪದವನ್ನು ಎರಡು ಸಲ ಹೇಳಿ ನಾವು ಮುಂದುವರಿಯುವುದನ್ನು ತೋರಿಸುತ್ತೇವೆ. ಇಂಗ್ಲಿಷ್ ಪದದ ಬಾಲ ಬದಲಿಸಿ ಅದೇ ಕೆಲಸ ಮಾಡುತ್ತದೆ. 'ಕ್ರ್ಯಾಕ್' ಅಂದರೆ ಒಂದು ಸಲ, ಚಟ್. 'ಕ್ರ್ಯಾಕಲ್' ಅಂದರೆ ಚಟಚಟ. 'ಸ್ಪಾರ್ಕ್' ಒಂದು ಕಿಡಿ, 'ಸ್ಪಾರ್ಕಲ್' ಮಿನುಗುತ್ತಲೇ ಇರುವುದು. 'ಪ್ರಿಕ್' ಒಂದು ಚುಚ್ಚು, 'ಪ್ರಿಕಲ್' ಮೈಯೆಲ್ಲ ಚುಚ್ಚಿದ ಹಾಗೆ. ಕೊನೆಗೆ 'ಅರ್' ಬರುವ ಇನ್ನೊಂದು ಗುಂಪಿದೆ. 'ಪ್ಯಾಟ್' ಅಂದರೆ ಒಂದು ತಟ್ಟು, 'ಪ್ಯಾಟರ್' ಅಂದರೆ ಹಂಚಿನ ಮೇಲೆ ಮಳೆಹನಿ ಪಟಪಟ ಬೀಳುವುದು.

ರ್‍ಯಾಟಲ್, ಜಿಂಗಲ್, ಟಿಂಕಲ್, ಟ್ವಿಂಕಲ್, ಸಿಝಲ್, ಬಬಲ್, ಗರ್ಗಲ್, ಗಿಗಲ್, ಫ್ಲಿಕರ್, ಕ್ಲ್ಯಾಟರ್, ಚ್ಯಾಟರ್. ಒಂದೊಂದಾಗಿ ಬಾಯಿಬಿಟ್ಟು ಹೇಳಿ ನೋಡು. ಗಲಗಲ, ಝಣಝಣ, ಕಿಣಿಕಿಣಿ, ಮಿಣಿಮಿಣಿ ಎಲ್ಲ ಪಕ್ಕದಲ್ಲೇ ಬಂದು ನಿಲ್ಲುತ್ತವೆ. ಈ ಬಾಲ ಇದ್ದ ಪದಗಳೆಲ್ಲ ಇಂಥವೇ ಅಲ್ಲ, 'ಟೇಬಲ್', 'ಬಾಟಲ್' ಕೂಡ ಹಾಗೇ ಮುಗಿಯುತ್ತವೆ. ಇನ್ನೊಂದು ವ್ಯತ್ಯಾಸವಿದೆ. ಕನ್ನಡದಲ್ಲಿ ನೀನು ಈಗಲೂ ಹೊಸದೊಂದು ಸದ್ದನ್ನು ಕೇಳಿ ಎರಡು ಸಲ ಹೇಳಿದರೆ ಅದು ಪದವಾಗುತ್ತದೆ, ಯಾರೂ ತಕರಾರು ಮಾಡುವುದಿಲ್ಲ. ಇಂಗ್ಲಿಷಿನಲ್ಲಿ ಬಾಲ ಹಚ್ಚಿ ನಿನಗೆ ಬೇಕಾದಂತೆ ಹೊಸ ಪದ ಕಟ್ಟಿದರೆ ನಡೆಯುವುದಿಲ್ಲ. ಇರುವುದರಲ್ಲೇ ಆರಿಸಿಕೊಳ್ಳಬೇಕು.

ಹಾಗಿದ್ದರೆ ಇಂಗ್ಲಿಷಿನಲ್ಲೂ ಎರಡು ಸಲ ಹೇಳಿದರಾಯಿತಲ್ಲ ಅಂತ ನಿನಗೆ ಅನ್ನಿಸಬಹುದು. ಆಗುವುದಿಲ್ಲ. ಅಲ್ಲಿ ಜೋಡಿ ಪದಗಳು ಹೆಚ್ಚಾಗಿ ಸ್ವರ ಬದಲಿಸಿಕೊಂಡೇ ಬರುತ್ತವೆ. ಟಿಕ್-ಟಾಕ್, ಡಿಂಗ್-ಡಾಂಗ್, ಪಿಟರ್-ಪ್ಯಾಟರ್. ಅವಕ್ಕೆ ಸ್ವಲ್ಪ ಮಕ್ಕಳ ಪದ್ಯದ ವಾಸನೆ ಇರುತ್ತದೆ. ನಮ್ಮಲ್ಲಿ ಚಟಪಟ ಅನ್ನುವುದು ಎಂಬತ್ತು ವರ್ಷದ ಅಜ್ಜಿಯ ಗಂಭೀರ ಮಾತಿನಲ್ಲೂ ಬರುತ್ತದೆ. ಇಂಗ್ಲಿಷಿನಲ್ಲಿ ಸಾಲುಸಾಲಾಗಿ ಜೋಡಿಪದ ಹಾಕಿದರೆ ನಿಮ್ಮಜ್ಜಿ ಮಗುವಿನ ಹಾಗೆ ಮಾತಾಡಿದಂತೆ ಕೇಳುತ್ತದೆ. ಅದು ಆಕೆಗೆ ಮಾಡುವ ಅನ್ಯಾಯ.

ಈಗ ನಿನ್ನ ತುಣುಕಿಗೆ ಕೈ ಹಾಕೋಣ.

ಜಿಟಿಜಿಟಿ ಮಳೆಗೆ 'ಡ್ರಿಝಲ್'. ಧಾರವಾಡದಲ್ಲಿ ಓದುವವಳಿಗೆ ಜಿಟಿಜಿಟಿ ಅಂದರೆ ಏನು ಅಂತ ನಾನು ಹೇಳಬೇಕಾ? ಸಣ್ಣ ಹನಿ, ಬಿಡುವುದೇ ಇಲ್ಲ, ಹೊರಗೆ ಹಾಕಿದ ಬಟ್ಟೆ ಎರಡು ದಿನವಾದರೂ ಒಣಗುವುದಿಲ್ಲ. 'ಡ್ರಿಝಲ್'ನಲ್ಲಿ ಸಣ್ಣ ಹನಿ ಇದೆ, ಆದರೆ ಬಿಡದಿರುವುದು ಇಲ್ಲ. ಅಜ್ಜಿ 'ಮಳಿ ಹಿಡಿದಿತ್ತು' ಅಂದಿದ್ದಾರೆ ನೋಡು. ಆ ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ 'ಸೆಟ್ ಇನ್' ಇದೆ. 'ಎ ಸ್ಟೆಡಿ ಡ್ರಿಝಲ್ ಹ್ಯಾಡ್ ಸೆಟ್ ಇನ್' ಅಂತ ಬರೆ. ಬಿಡದ ಗುಣ ಹಾಗೆ ಬರುತ್ತದೆ. ಧೋ ಅಂತ ಸುರಿಯುವ ಮಳೆಗೆ ಈ ಪದ ಹಾಕಬೇಡ, ಅದಕ್ಕೆ 'ಪೋರ್' ಬೇಕು.

ಪಟಪಟ ರೊಟ್ಟಿ ಬಡಿಯುವುದಕ್ಕೆ 'ಪ್ಯಾಟ್' ಅಂತ ಬರೆಯಲು ಕೈ ಹೋಗುತ್ತದೆ, ಸದ್ದೂ ಹತ್ತಿರ. ಸ್ವಲ್ಪ ತಡೆ. 'ಪ್ಯಾಟ್' ಮೆತ್ತಗಿನ ಪದ. ಮಗುವಿನ ಬೆನ್ನು ತಟ್ಟುವುದೂ ಅದೇ. ಜೋಳದ ರೊಟ್ಟಿ ಬಡಿಯುವವರ ಪಕ್ಕ ಒಂದು ದಿನ ಕೂತು ಕೇಳು. ಬಿಸಿನೀರು ಹಾಕಿ ನಾದಿದ ಮುದ್ದೆ ದಪ್ಪ ಇರುವಾಗ ತಪ್ ತಪ್ ಅನ್ನುತ್ತದೆ. ಅಂಗೈ ತಿರುಗುತ್ತ ತಿರುಗುತ್ತ ರೊಟ್ಟಿ ತೆಳುವಾದಂತೆ ಸದ್ದು ಗಟ್ಟಿಯಾಗಿ ಪಟಪಟ ಆಗುತ್ತದೆ. ಅಜ್ಜಿ ಹೇಳಿದ್ದು ಎರಡನೆಯದು. ಅದಕ್ಕೆ 'ಸ್ಲ್ಯಾಪ್' ಸರಿ. 'ಸ್ಲ್ಯಾಪಿಂಗ್ ದಿ ರೊಟ್ಟೀಸ್ ಇಂಟು ಶೇಪ್' ಅಂದರೆ ಕೈ, ಸದ್ದು, ರೊಟ್ಟಿ ಮೂರೂ ಕಾಣುತ್ತವೆ.

ಸಾಸಿವೆ ಚಟಪಟ. ನಮ್ಮ ಅಡುಗೆ ಪುಸ್ತಕಗಳ ಇಂಗ್ಲಿಷಿನಲ್ಲಿ ಇದಕ್ಕೆ 'ಸ್ಪ್ಲಟರ್' ಅಂತ ಹಾಕುವುದು ರೂಢಿ. ತಪ್ಪಲ್ಲ. ಆದರೆ ಆ ಪದ ಕೇಳಿದರೆ ಎಣ್ಣೆಹನಿ ಹಾರುವುದು ಮೊದಲು ಕಣ್ಣಿಗೆ ಬರುತ್ತದೆ. ಕಾಳು ಸಿಡಿಯುವುದಕ್ಕೆ 'ಪಾಪ್' ಇನ್ನೂ ಹತ್ತಿರ. ಕಾಳಿನ ಒಳಗಿನ ಪಸೆ ಬಿಸಿಗೆ ಆವಿಯಾಗಿ ಸಿಪ್ಪೆ ಒಡೆಯುತ್ತದಲ್ಲ, ಒಂದೊಂದು ಕಾಳೂ ಒಂದೊಂದು 'ಪಾಪ್'. ಎಲ್ಲ ಸೇರಿದಾಗ 'ಕ್ರ್ಯಾಕಲ್'. ಅಜ್ಜಿಯ ಪದದಲ್ಲೂ ಚಟ ಒಂದು, ಪಟ ಇನ್ನೊಂದು. ಆದ್ದರಿಂದ 'ಕ್ರ್ಯಾಕಲ್ಡ್ ಆ್ಯಂಡ್ ಪಾಪ್ಡ್' ಅಂತ ಎರಡನ್ನೂ ಹಾಕು. ಇಲ್ಲಿ ಮಾತ್ರ ಎರಡು ಪದಕ್ಕೆ ಎರಡು ಪದ ಒಪ್ಪುತ್ತದೆ.

ಕರಿಬೇವಿನ ಚೊಂಯ್ ಒಂದೇ ಸಲದ್ದು. ಅಜ್ಜಿ ಚೊಂಯ್ ಚೊಂಯ್ ಅಂದಿಲ್ಲ. 'ಸಿಝಲ್' ಹಾಕಿದರೆ ಅದು ಹೊತ್ತು ಎಳೆಯುತ್ತದೆ, ಹಂಚಿನ ಮೇಲೆ ಏನೋ ಬೇಯುತ್ತಲೇ ಇದೆ ಅನ್ನಿಸುತ್ತದೆ. ಎಲೆಯ ಒದ್ದೆ ಕಾದ ಎಣ್ಣೆಗೆ ತಾಗಿದ ಆ ಒಂದು ಕ್ಷಣಕ್ಕೆ 'ಹಿಸ್' ಸಾಕು. ಚಟ್, ಚಟಚಟದ ಲೆಕ್ಕವೇ ಇಲ್ಲೂ.

ಇನ್ನು ಗಮಗಮ. ನಾನು ಎಳೆಯವನಿದ್ದಾಗ ಮಾಡಿದ ಒಂದು ಅನುವಾದದಲ್ಲಿ 'ದಿ ಕಿಚನ್ ವಾಸ್ ಸ್ಮೆಲಿಂಗ್' ಅಂತ ಬರೆದಿದ್ದೆ. ಓದಿದ ಗೆಳೆಯರೊಬ್ಬರು, ಅವರ ಮನೆಮಾತೇ ಇಂಗ್ಲಿಷ್, ಅಡುಗೆಮನೆಯಲ್ಲಿ ಏನು ಕೆಟ್ಟುಹೋಗಿತ್ತು ಅಂತ ಕೇಳಿದರು. ನನಗೆ ಬಹಳ ಬೇಸರವಾಯಿತು, ಅದು ನನ್ನ ಅವ್ವನ ಅಡುಗೆಮನೆ. 'ಸ್ಮೆಲ್' ಒಂದೇ ನಿಂತರೆ ಇಂಗ್ಲಿಷ್ ಕಿವಿಗೆ ನಾತ ಅಂತಲೇ ಕೇಳುತ್ತದೆ. ನಮ್ಮ 'ವಾಸನೆ' ಕೂಡ ಹೀಗೇ ಜಾರುತ್ತದೆ, 'ಸಾರು ವಾಸನೆ ಬರ್ತಿದೆ' ಅಂದರೆ ಹಳಸಿದೆ ಅಂತ ಅರ್ಥ. ಗಮಗಮ ಯಾವತ್ತೂ ಹಾಗೆ ಜಾರುವುದಿಲ್ಲ. ಒಳ್ಳೆಯದು ಅನ್ನುವ ಅರ್ಥ ಅದರ ಹೊಟ್ಟೆಯಲ್ಲೇ ಇದೆ.

ಇದಕ್ಕೆ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದ ಇಲ್ಲ. ಇಲ್ಲ ಅಂತ ಒಪ್ಪಿಕೊಂಡರೆ ದಾರಿ ಸುಲಭ. ಗಮಗಮದಲ್ಲಿ ಏನೇನಿದೆ ಅಂತ ಬಿಡಿಸಿ ನೋಡು. ಒಂದು, ಒಳ್ಳೆಯ ವಾಸನೆ. ಎರಡು, ಅದು ಅಲೆಅಲೆಯಾಗಿ ಬರುತ್ತಲೇ ಇದೆ. ಮೂರು, ಜಾಗವನ್ನೆಲ್ಲ ತುಂಬಿಕೊಂಡಿದೆ. ಒಳ್ಳೆಯ ವಾಸನೆಗೆ ನಾಮಪದ ಬೇಕು. ಅಡುಗೆ, ಕಾಫಿ, ಮಸಾಲೆಗೆ 'ಅರೋಮಾ'. ಮಲ್ಲಿಗೆ, ಊದಿನಕಡ್ಡಿಗೆ 'ಫ್ರೇಗ್ರನ್ಸ್'. ಹೂವಿನದೇ ಆದರೂ ತೆಳ್ಳಗೆ ಬಂದರೆ 'ಸೆಂಟ್'. ಕನ್ನಡದ ಗಮಗಮ ಇಷ್ಟಕ್ಕೂ ಸಲ್ಲುತ್ತದೆ, ಇಂಗ್ಲಿಷಿನಲ್ಲಿ ಅದಲುಬದಲು ಮಾಡಿದರೆ ಒಗ್ಗರಣೆ ಅತ್ತರಾಗಿಬಿಡುತ್ತದೆ. ಆಮೇಲೆ ಕ್ರಿಯಾಪದ. ಅಲೆಅಲೆಯಾಗಿ ತೇಲಿ ಬಂದರೆ 'ವಾಫ್ಟ್', ತುಂಬಿಕೊಂಡರೆ 'ಫಿಲ್'. ಬೀದಿಯಲ್ಲಿ ಹೋಗುವಾಗ ಯಾರದೋ ಮನೆಯಿಂದ ಬಂದಿದ್ದರೆ 'ವಾಫ್ಟ್' ಚೆನ್ನ. ಅಜ್ಜಿ 'ಮನಿ ತುಂಬ' ಅಂದಿದ್ದಾರೆ, ಆದ್ದರಿಂದ 'ಫಿಲ್'. 'ದಿ ಅರೋಮಾ ಫಿಲ್ಡ್ ದಿ ಹೌಸ್.' ಎಷ್ಟು ಸಾದಾ ವಾಕ್ಯ ನೋಡು. ಸದ್ದಿನ ಕುಣಿತ ಹೋಯಿತು, ನಿಜ. ಆದರೆ ಮನೆ ತುಂಬಿತು. ಮುಂದೆಲ್ಲಾದರೂ ಅಜ್ಜಿ 'ಗಮ್ಮನೆ ಬಂತು' ಅಂದಿದ್ದರೆ ಅದು ಬೇರೆ. ಅದು ಒಂದೇ ಸಲ ಮೂಗಿಗೆ ಬಡಿದದ್ದು, ಅದಕ್ಕೆ 'ಎ ವಿಫ್'.

ಝಳಝಳಕ್ಕೆ ಬರೋಣ. ಇದು ಕಣ್ಣು ಕಿವಿ ಎರಡರ ನಡುವೆ ಓಡಾಡುವ ಪದ. ಕತ್ತಿ ಝಳಪಿಸುವುದು ಹೊಳಪು. ಬಿಸಿಲಿನ ಝಳ ಕಾವು. ನೀರಿಗೆ ಝಳಝಳ ಅಂದಾಗ ಸುರಿಯುವ ಸದ್ದೂ ಇರಬಹುದು, ತಿಳಿನೀರಿನ ಹೊಳಪೂ ಇರಬಹುದು. ಇಂಗ್ಲಿಷಿನಲ್ಲಿ ಎರಡನ್ನೂ ಹಿಡಿಯುವ ಒಂದು ಪದ ಸಿಗುವುದು ಕಷ್ಟ. ಹೊಳಪಾದರೆ 'ಸ್ಪಾರ್ಕಲ್', ಸದ್ದಾದರೆ 'ಸ್ಪ್ಲ್ಯಾಶ್'. ಯಾವುದು ಅಂತ ಯಾರು ಹೇಳಬೇಕು? ಅಜ್ಜಿಯೇ ಹೇಳಿದ್ದಾರೆ. ಮೊದಲ ವಾಕ್ಯದಲ್ಲಿ ಜಿಟಿಜಿಟಿ ಮಳೆ ಹಿಡಿದಿದೆ. ಹಿತ್ತಲಲ್ಲಿ ಬಿಸಿಲಿಲ್ಲ, ನೀರು ಹೊಳೆಯುವ ಮಾತಿಲ್ಲ. ಮೇಲಾಗಿ ಅಜ್ಜಿ ಒಳಗೆ ಒಲೆಯ ಹತ್ತಿರ ಇದ್ದಾರೆ, ಹಿತ್ತಲಿನದು ಅವರ ಕಿವಿಗೆ ಬಿದ್ದದ್ದು. ಆದ್ದರಿಂದ ಸದ್ದು, 'ಸ್ಪ್ಲ್ಯಾಶ್'.

ಇಲ್ಲಿ 'ಗರ್ಗಲ್' ಅಂತ ಬರೆದುಬಿಡುವವರು ಇದ್ದಾರೆ. ಕೊಡ ಬಗ್ಗಿಸಿ ಕೇಳಿದರೆ ವ್ಯತ್ಯಾಸ ಗೊತ್ತಾಗುತ್ತದೆ. ತುಂಬಿದ ಕೊಡದ ಇಕ್ಕಟ್ಟಿನ ಕಂಠದಿಂದ ನೀರು ಹೊರಗೆ ಬರುವಾಗ ಗಾಳಿ ಒಳಗೆ ನುಗ್ಗುತ್ತದೆ, ಆಗ ಗುಳುಗುಳು. ಅದು 'ಗರ್ಗಲ್'. ಕೊಡ ಇನ್ನಷ್ಟು ಬಗ್ಗಿ ನೀರು ಅಡ್ಡಿಯಿಲ್ಲದೆ ಕೆಳಗೆ ಬಿದ್ದಾಗ ಝಳಝಳ. ಇನ್ನು ಜುಳುಜುಳು ಹಳ್ಳದ್ದು, ಕಲ್ಲುಗಳ ನಡುವೆ ಮೆಲ್ಲಗೆ ಹರಿಯುವ ನೀರಿನದು. ಅದಕ್ಕೆ 'ಬ್ಯಾಬಲ್' ಅಥವಾ 'ಮರ್ಮರ್'. ಸ್ವರ ಗಮನಿಸಿದೆಯಾ? ಬಾಯಿ ಮುಚ್ಚಿಕೊಂಡು ಬರುವ ಉಕಾರದಲ್ಲಿ ಸಣ್ಣ ನೀರು, ಬಾಯಿ ತೆರೆಯುವ ಅಕಾರದಲ್ಲಿ ದೊಡ್ಡ ನೀರು. ಗಂಟೆಗಳಲ್ಲೂ ಹಾಗೇ. ಸಣ್ಣ ಗೆಜ್ಜೆ ಕಿಣಿಕಿಣಿ, ಗುಡಿಯ ಗಂಟೆ ಢಣಢಣ. ಅಲ್ಲೂ 'ಟಿಂಕಲ್' ಸಣ್ಣದು, 'ಕ್ಲ್ಯಾಂಗ್' ದೊಡ್ಡದು. ಎರಡು ಪದದ ನಡುವೆ ತೂಗಾಡುವಾಗ ಈ ಸ್ವರದ ಗುಟ್ಟು ಎಷ್ಟೋ ಸಲ ನನ್ನ ಕೈ ಹಿಡಿದಿದೆ.

ಹೊಟ್ಟೆ ಚುರುಚುರು. ನಿನಗೆ ಮೊದಲು ಹೊಳೆಯುವುದು 'ಮೈ ಸ್ಟಮಕ್ ಗ್ರೌಲ್ಡ್'. ಇಂಗ್ಲಿಷ್ ಚೆನ್ನಾಗಿದೆ, ಆದರೆ ಇಂದ್ರಿಯ ತಪ್ಪಿತು. ಗ್ರೌಲ್ ಅನ್ನುವುದು ಗುರ್ ಅನ್ನುವ ಸದ್ದು, ಪಕ್ಕದವರಿಗೂ ಕೇಳುತ್ತದೆ. ಚುರುಚುರು ಅಜ್ಜಿಗೆ ಮಾತ್ರ ಗೊತ್ತು. ಅದು ಒಳಗಿನ ಸಂಕಟ, ಹಸಿವಿನ ಉರಿ. 'ಹಂಗರ್ ನಾಡ್ ಅಟ್ ಮಿ' ಅಂತ ಬರೆ. ಇಂಗ್ಲಿಷಿನ 'ನಾ' ಅನ್ನುವ ಕ್ರಿಯಾಪದಕ್ಕೆ ಕಡಿಯುವುದು ಅಂತ ಅರ್ಥ, ಇಲಿ ಹಗ್ಗ ಕಡಿದ ಹಾಗೆ. ಇದೇ ಚುರುಚುರು ಗಾಯಕ್ಕೆ ಬಂದರೆ 'ಸ್ಟಿಂಗ್' ಅಥವಾ 'ಸ್ಮಾರ್ಟ್' ಆಗುತ್ತದೆ. ಒಂದು ಕನ್ನಡ ಪದಕ್ಕೆ ಒಂದು ಇಂಗ್ಲಿಷ್ ಪದ ಅಂತ ಪಟ್ಟಿ ಮಾಡಿಟ್ಟುಕೊಂಡರೆ ಇಂಥ ಕಡೆ ಎಡವುತ್ತೀಯ. ಹೊಟ್ಟೆಯದಾ, ಗಾಯದ್ದಾ, ಬಿಸಿಲಿನದಾ ಅಂತ ಕೇಳಿಕೊಂಡೇ ಆರಿಸಬೇಕು.

ಚರ್ಮ ಮತ್ತು ಒಡಲಿನ ಪದಗಳಿಗೆ ಕ್ರಿಯಾಪದ ಸಿಗದಿದ್ದಾಗ ಇಂಗ್ಲಿಷಿನ ನುಡಿಗಟ್ಟುಗಳಲ್ಲಿ ಹುಡುಕು. ಚುಮುಚುಮು ಚಳಿಗೆ 'ಎ ನಿಪ್ ಇನ್ ದಿ ಏರ್' ಇದೆ, ಗಾಳಿ ಮೆಲ್ಲಗೆ ಚಿವುಟಿದಂತೆ. ಕಾಲು ಜೋಮು ಹಿಡಿದು ಜುಮುಜುಮು ಅಂದರೆ 'ಪಿನ್ಸ್ ಆ್ಯಂಡ್ ನೀಡಲ್ಸ್', ಗುಂಡುಸೂಜಿ ಮತ್ತು ಸೂಜಿ. ಅವರಿಗೂ ಅದೇ ಕಾಲು, ಅದೇ ಜೋಮು, ಹೇಳುವ ಬಗೆ ಮಾತ್ರ ಬೇರೆ.

ಬರೆದಾದ ಮೇಲೆ ಸರಿಯಾಗಿದೆಯಾ ಅಂತ ನೋಡುವುದಕ್ಕೆ ನಾನು ಮಾಡುವುದು ಇಷ್ಟೇ. ನಾಲ್ಕು ದಿನ ಬಿಟ್ಟು ನನ್ನ ಇಂಗ್ಲಿಷನ್ನು ಮಾತ್ರ ಓದುತ್ತೇನೆ, ಅಲ್ಲಿಂದ ಕನ್ನಡಕ್ಕೆ ಬಾಯಲ್ಲೇ ವಾಪಸ್ ಹೇಳುತ್ತೇನೆ. 'ಕ್ರ್ಯಾಕಲ್' ಓದಿ ಚಟಚಟ ಅಂತ ತಾನಾಗಿ ಬಾಯಿಗೆ ಬಂದರೆ ಸರಿ. ಬರೀ 'ಸದ್ದು ಮಾಡಿತು' ಅಂತ ಬಂದರೆ ಪದ ಬದಲಿಸಬೇಕು. ಒಂದೇ ಪುಟದಲ್ಲಿ ಆರು ಕಡೆ ಇಂಥ ಪದ ಇದ್ದು ಇಂಗ್ಲಿಷ್ ಗದ್ದಲವಾಯಿತು ಅನ್ನಿಸಿದರೆ, ಒಂದೆರಡನ್ನು ಸಾದಾ ಮಾಡು. ನಿನ್ನ ತುಣುಕಿನಲ್ಲಿ ನಾನಾದರೆ ಗಮಗಮವನ್ನು ಸಾದಾ ಮಾಡುತ್ತೇನೆ, ಮೇಲೆ ಮಾಡಿದ್ದೂ ಅದೇ.

ನೀನು ಬ್ಯಾಡಗಿಯ ಕಡೆಯವಳು, ಮೆಣಸಿನಕಾಯಿಯ ಮಾತು ಅಜ್ಜಿಯ ಬಾಯಲ್ಲಿ ಬಂದೇ ಬರುತ್ತದೆ. ಚೆನ್ನಾಗಿ ಒಣಗಿದ ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಬೀಜ ಗಲಗಲ ಅನ್ನುತ್ತದೆ. ಒಣಗಿದೆ ಅಂತ ಗೊತ್ತಾಗುವುದು ಅದರಿಂದಲೇ. ಅಲ್ಲಿ 'ರ್‍ಯಾಟಲ್' ಹಾಕು. ಹಸಿ ಉಳಿದ ಕಾಯಿ ಸದ್ದು ಮಾಡುವುದಿಲ್ಲ, ಅದಕ್ಕೆ ಯಾವ ಪದವೂ ಬೇಡ. ಅಜ್ಜಿಯ ಮುಂದಿನ ತುಣುಕುಗಳನ್ನೂ ಕಳಿಸು. ಗಲಗಲ ಬಂದ ಕಡೆ ಅವರು ಕಾಯಿಯ ಬಗ್ಗೆ ಹೇಳುತ್ತಿದ್ದಾರಾ, ಬಳೆಯ ಬಗ್ಗೆ ಹೇಳುತ್ತಿದ್ದಾರಾ ಅಂತ ಒಂದು ಸಾಲು ಬರೆದಿರು. ಬಳೆಯಾದರೆ 'ಜಿಂಗಲ್' ಆಗುತ್ತದೆ.